ಬದುವಿನಿಂದ ಹೊಲಕ್ಕಿಳಿಯುವ ಕಸ

(ಚಿತ್ರ 1: ಕಬ್ಬಿನ ಹೊಲದ ಬದು)

ಎಲ್ಲರಿಗೂ ನಮಸ್ಕಾರ. ಈ ಹೊಲ ಜಮಖಂಡಿ ಕಡೆಯದು. ಕಬ್ಬಿನ ಸಾಲಿನಲ್ಲಿ ಕಸವೇ ಇಲ್ಲ, ಅಲ್ವಾ? ಈಗ ಎಡಗಡೆಯ ಬದು ನೋಡಿ. ಸೊಂಟದವರೆಗೆ ಬೆಳೆದ ಕಾಂಗ್ರೆಸ್ ಕಸ, ತುಂಬಾ ಬಿಳಿ ಹೂ. ಬದು ಯಾರದು ಅಂತ ಕೇಳಿದೆ. ಇಬ್ಬರು ರೈತರೂ ಪಕ್ಕದವರ ಕಡೆ ಕೈ ತೋರಿಸಿದರು. ಕುಂಟೆ ಅಲ್ಲಿಗೆ ಹೋಗಲ್ಲ, ಕಳೆ ತೆಗೆಯುವ ಆಳೂ ಹೋಗಲ್ಲ.

(ಚಿತ್ರ 2: ಹೂವಿನ ಹತ್ತಿರದ ನೋಟ)

ಅಮೆರಿಕ ಖಂಡದ ಈ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಮೊಳೆತ ಒಂದೂವರೆ ತಿಂಗಳೊಳಗೆ ಹೂ ಬಿಡಬಲ್ಲದು. ಚೆನ್ನಾಗಿ ಬೆಳೆದ ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಬೀಜ ತೀರಾ ಸಣ್ಣದು, ಗಾಳಿ, ನೀರು, ಕೆಸರು ಯಾವುದಾದರೂ ಸಾಕು.

(ತಟ್ಟೆಯನ್ನು ಮೇಲೆತ್ತಿ ತೋರಿಸಬೇಕು. ಮುಂದಿನ ಸಾಲಿನಿಂದ ಕೈ ಬದಲಾಯಿಸುತ್ತ ಹೋಗಲಿ, ಎರಡು ನಿಮಿಷ.)

ಕಬ್ಬಿನ ಟ್ರ್ಯಾಲಿಯ ಗಾಲಿಗೆ ಮೆತ್ತಿದ್ದ ಎರೆಮಣ್ಣನ್ನು ಒಂದು ಬೊಗಸೆ ಕೆರೆದು ತಂದೆ. ಈ ತಟ್ಟೆಯಲ್ಲಿ ಹರಡಿ ದಿನಾ ನೀರು ಚಿಮುಕಿಸಿದೆ, ಅಷ್ಟೇ. ಹನ್ನೆರಡನೇ ದಿನ ಎದ್ದ ಸಸಿಗಳು ಇವು. ಎಲೆಯ ಅಂಚು ನೋಡಿ, ಗಜ್ಜರಿ ಎಲೆಯ ಹಾಗೆ ಸೀಳತೊಡಗಿದೆ. ಎರೆಮಣ್ಣು ಒದ್ದೆಯಾದರೆ ಹೇಗೆ ಅಂಟುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಟ್ರ್ಯಾಲಿ ತಿರುಗುವುದು ಬದುವಿನ ಹತ್ತಿರವೇ.

(ಚಿತ್ರ 3: ಹೊಲಗಾಲುವೆ)

ನೀರಿನದೂ ಅದೇ ಕಥೆ. ಕಾಲುವೆಯ ದಂಡೆಯಲ್ಲಿ ಉದುರಿದ ಬೀಜ ನೀರಿನ ಜೊತೆ ನೇರ ಸಾಲಿಗೆ ಬರುತ್ತದೆ. ಇನ್ನೊಂದು ದಾರಿ ತಿಪ್ಪೆ. ಹೂ ಬಿಟ್ಟ ಗಿಡ ಕಿತ್ತು ತಿಪ್ಪೆಗೆ ಎಸೆದರೆ, ಗೊಬ್ಬರ ಸರಿಯಾಗಿ ಕೊಳೆಯದಿದ್ದಾಗ ಬೀಜವನ್ನು ನಾವೇ ಹೊಲಕ್ಕೆ ಹೊತ್ತ ಹಾಗೆ.

ಬಳ್ಳಾರಿ ಜಾಲಿಯ ದಾರಿ ಬೇರೆ. ಸಿಹಿಯಾದ ಕಾಯನ್ನು ಕುರಿ, ಆಡು, ದನ ತಿನ್ನುತ್ತವೆ. ಬೀಜ ಸಗಣಿ, ಹಿಕ್ಕೆಯಲ್ಲಿ ಹೊರಬಂದು ಬೇರೆ ಹೊಲದ ಅಂಚಿನಲ್ಲಿ ಮೊಳೆಯುತ್ತದೆ. ಬುಡ ಬಿಟ್ಟು ಕಡಿದರೆ ಜಾಸ್ತಿ ಚಿಗುರುತ್ತದೆ.

(ಚಿತ್ರ 4: ಎಲೆ ತಿನ್ನುವ ಜೀರುಂಡೆ)

ಮೆಕ್ಸಿಕೋದಿಂದ ತಂದ ಈ ಜೀರುಂಡೆಯನ್ನು 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಕಾಂಗ್ರೆಸ್ ಕಸದ ಎಲೆಯನ್ನು ಚೆನ್ನಾಗಿ ಮೇಯುತ್ತದೆ. ಬೇಸಿಗೆ ಹತ್ತಿರವಾದರೆ ಮಣ್ಣಿನೊಳಗೆ ಸೇರಿಕೊಳ್ಳುತ್ತದೆ. ನೀರಾವರಿ ಬದುವಿನಲ್ಲಿ ಕಸ ಮಾತ್ರ ಆಗಲೂ ಹಸಿರಾಗಿರುತ್ತದೆ. ನನಗೆ ಕಾಡುವುದು ಇದೇ. ನಮ್ಮ ಭಾಗಕ್ಕೆ ನೀರು ಬಂದಿದ್ದು ಒಳ್ಳೆಯದೇ, ಆದರೆ ಆ ತಿಂಗಳುಗಳಲ್ಲಿ ಬದು ನೋಡಿಕೊಳ್ಳುವ ಕೆಲಸ ನಮ್ಮದೇ.

(ಚಿತ್ರ 5: ಕೈಗವಸು ಹಾಕಿದ ಕೈ)

ಹೂ ಕಾಣುವ ಮೊದಲು, ಮಣ್ಣು ಹಸಿ ಇದ್ದಾಗ, ಬೇರು ಸಮೇತ ಕೀಳಬೇಕು. ಬರಿಗೈಯಲ್ಲಿ ಬೇಡ. ಹಳ್ಳಿಗಳಲ್ಲಿ ಕೈ, ಕುತ್ತಿಗೆ ತುರಿಸಿ ಕಪ್ಪಾದ ಹೆಣ್ಣುಮಕ್ಕಳನ್ನು ಕಂಡಿದ್ದೇನೆ. ಕಳೆ ಕೀಳುವವರು ಹೆಚ್ಚಾಗಿ ಅವರೇ, ಕೈಗವಸು ಕೊಡಿಸುವವರು ಕಡಿಮೆ. ಕಿತ್ತ ಜಾಗ ಬರಿದಾಗಿ ಬಿಡಬೇಡಿ, ದನಕ್ಕೆ ಮೇವಾಗುವ ಹುಲ್ಲು ಹಚ್ಚಿ. ಟ್ರ್ಯಾಲಿ ಹೊಲಕ್ಕಿಳಿಯುವ ಮೊದಲು ಗಾಲಿಯ ಮಣ್ಣು ಕೆರೆಸಿ.

ಪಕ್ಕದ ಹೊಲದವರನ್ನೂ ಕರೆದು ಒಂದೇ ದಿನ ಬದು ಹಸನು ಮಾಡಿ. ಆ ದಿನ ಯಾವುದಾಗಬೇಕು ಅಂತ ನಿಮ್ಮ ಊರಿನ ಅನುಭವ ಹೇಳಿ, ಉಳಿದ ಎರಡು ನಿಮಿಷ ನಾನು ಕೇಳುತ್ತೇನೆ.