ವಿಮರ್ಶಕರು 2, ಆಕ್ಷೇಪ 3: ಕೈಬಿಟ್ಟ ತಾಕುಗಳ ಕುರಿತು ಉತ್ತರ

ಕೆಲವು ತಾಕುಗಳನ್ನು ತಕ್ಕ ಕಾರಣವಿಲ್ಲದೆ ವಿಶ್ಲೇಷಣೆಯಿಂದ ಕೈಬಿಟ್ಟಿದ್ದೇವೆಂಬ ತಮ್ಮ ಆಕ್ಷೇಪ ಸರಿಯಾಗಿದೆ. 96 ರಾಗಿ ತಾಕುಗಳಲ್ಲಿ 4ನ್ನು, ಪ್ರಮಾಣೀಕೃತ ಶೇಷ ±3 ದಾಟಿತೆಂದು ಕೈಬಿಟ್ಟಿದ್ದೆವು. ಈ ನಿಯಮವನ್ನು ಮೊದಲೇ ನಿಗದಿಪಡಿಸಿರಲಿಲ್ಲ. ಕ್ಷೇತ್ರ ಪುಸ್ತಕ ತೆರೆದು ನೋಡಿದೆವು. ತಾಕು 37ರ ತೂಕ ಅಲ್ಲಿ 2.84 ಕೆ.ಜಿ., ಕಡತದಲ್ಲಿ 28.4, ತಿದ್ದಿದ್ದೇವೆ. ತಾಕು 61ನ್ನು ಕೊಯ್ಲಿಗೆ ಮುನ್ನ ದನ ಮೇಯ್ದ ದಾಖಲೆಯಿದೆ. ಉಳಿದೆರಡಕ್ಕೆ ಯಾವ ಕಾರಣವೂ ಇಲ್ಲ, ಅವನ್ನು ತೆಗೆದದ್ದೇ ತಪ್ಪು.

ಹೆಕ್ಟೇರಿಗೆ 30 ಕೆ.ಜಿ. ಹೆಚ್ಚುವರಿ ಸಾರಜನಕದಿಂದ ಸಿಕ್ಕ ಇಳುವರಿ ಹೆಚ್ಚಳ (ಕೆ.ಜಿ./ಹೆ., ಆವರಣದಲ್ಲಿ 95% ವಿಶ್ವಾಸಾಂತರ):

ಹಿಂದಿನಂತೆ, 92 ತಾಕು: 412 (268–556)
ತಿದ್ದಿದ ಎಲ್ಲ 96: 371 (192–550)
ತಾಕು 61 ಮಾತ್ರ ಬಿಟ್ಟು, 95: 384 (217–551)
ಹ್ಯೂಬರ್ ರೋಬಸ್ಟ್ ರಿಗ್ರೆಷನ್, 96: 398 (246–550)

ಈಗ 96ರ ಫಲಿತಾಂಶವೇ ಮುಖ್ಯ ಕೋಷ್ಟಕದಲ್ಲಿದೆ. ತಳಿ–ಸಾರಜನಕ ಅಂತರಕ್ರಿಯೆ ಮಾತ್ರ ಉಳಿಯಲಿಲ್ಲ (p 0.03ರಿಂದ 0.11ಕ್ಕೆ); ಅದರ ಕುರಿತ ವಾಕ್ಯವನ್ನು ಸಾರಾಂಶದಿಂದಲೂ ತೆಗೆದಿದ್ದೇವೆ. ನಾಲ್ಕೂ ತಾಕುಗಳ ಮೂಲ ಅಂಕಿಗಳು ಪೂರಕ ಕೋಷ್ಟಕ 4ರಲ್ಲಿವೆ.