ವಿಷಯ: ಮೊದಲ ಮಹಡಿಯ ಸ್ಲ್ಯಾಬ್ ಮುಗಿಯಿತು – ನವೆಂಬರ್ 18ರ ವರದಿ, ಕೊಡಬೇಕಾದ ಹಣ, ಫೋಟೋಗಳು

ಸುಧೀಂದ್ರ ಸರ್, ನಮಸ್ಕಾರ.

ಮೊದಲ ಮಹಡಿಯ ಸ್ಲ್ಯಾಬ್ ನವೆಂಬರ್ 2ರಂದು ಹಾಕಿ ಆಯಿತು. ಬೆಳಿಗ್ಗೆ ಶುರು ಮಾಡಿ ಸಂಜೆಯೊಳಗೆ ಒಂದೇ ಪಟ್ಟಿಗೆ ಮುಗಿಸಿದೆವು, ನಡುವೆ ಎಲ್ಲೂ ನಿಲ್ಲಿಸಲಿಲ್ಲ. ಈ ತಿಂಗಳು ನೀವು ಕೊಡಬೇಕಾದ್ದು 7,64,800 ರೂಪಾಯಿ, ನವೆಂಬರ್ 27ರೊಳಗೆ. ನಿಮ್ಮಿಂದ ಮೂರು ತೀರ್ಮಾನಗಳೂ ಬೇಕು, ಅವು 25ರೊಳಗೆ ಬಂದರೆ ಒಳ್ಳೆಯದು. ವಿವರ ಕೆಳಗಿದೆ.

ಮೊದಲು ಸ್ಲ್ಯಾಬ್ ವಿಷಯ. ಕಾಂಕ್ರೀಟ್ ಹಾಕುವ ದಿನ ನಾನು ಸೈಟಿನಲ್ಲೇ ಇದ್ದೆ. ಹಿಂದಿನ ಸಂಜೆ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ಕಂಬಿ ನೋಡಿ, ಒಂದು ತಿದ್ದುಪಡಿ ಹೇಳಿ ಒಪ್ಪಿಗೆ ಕೊಟ್ಟಿದ್ದರು. ಹಾಲ್ ಮೇಲಿನ ಬೀಮಿನಲ್ಲಿ ಎರಡು ಕಡೆ ರಿಂಗುಗಳ ಅಂತರ ಡ್ರಾಯಿಂಗಿಗಿಂತ ಜಾಸ್ತಿ ಇತ್ತು. ಅದನ್ನು ಬಿಚ್ಚಿಸಿ ಸರಿಯಾಗಿ ಕಟ್ಟಿಸಿದ ಮೇಲೇ ಕಾಂಕ್ರೀಟ್ ತರಿಸಿದ್ದು. 4ರಿಂದ 9ರವರೆಗಿನ ಫೋಟೋಗಳಲ್ಲಿ ಟೇಪ್ ಇಟ್ಟು ತೆಗೆದಿದ್ದೇನೆ, ಅಳತೆ ಓದಬಹುದು.

ಅವತ್ತು ಕಾಂಕ್ರೀಟಿನ ಬಲ ಪರೀಕ್ಷಿಸಲು ಆರು ಕ್ಯೂಬ್ ತೆಗೆದಿಟ್ಟೆವು. ಮೂರನ್ನು ಏಳನೇ ದಿನ ಲ್ಯಾಬಿನಲ್ಲಿ ಒಡೆಸಿದಾಗ ಸರಾಸರಿ ಬಲ ಚದರ ಮಿಲಿಮೀಟರಿಗೆ 18.2 ನ್ಯೂಟನ್ ಬಂತು. ನಮ್ಮದು ಎಂ25 ಕಾಂಕ್ರೀಟ್, 28 ದಿನಕ್ಕೆ 25 ಮುಟ್ಟಬೇಕು. ಏಳು ದಿನಕ್ಕೆ ಮೂರನೇ ಎರಡು ಭಾಗದಷ್ಟು ಬಂದರೆ ದಾರಿ ಸರಿಯಿದೆ ಅಂತ ಲೆಕ್ಕ, ನಮ್ಮದು ಅದಕ್ಕಿಂತ ಮೇಲಿದೆ. ಉಳಿದ ಮೂರು ಕ್ಯೂಬ್‌ಗಳನ್ನು ನವೆಂಬರ್ 30ಕ್ಕೆ ಒಡೆಸುತ್ತೇವೆ, ರಿಪೋರ್ಟ್ ಬಂದ ದಿನವೇ ಕಳಿಸುತ್ತೇನೆ. ಸ್ಲ್ಯಾಬ್ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸಿದ್ದೇವೆ. ಪಿಪಿಸಿ ಸಿಮೆಂಟ್ ನಿಧಾನವಾಗಿ ಗಟ್ಟಿಯಾಗುವುದರಿಂದ ಹತ್ತು ದಿನಕ್ಕೇ ಬಿಡದೆ ಇನ್ನೂ ಮುಂದುವರಿಸಿದ್ದೇವೆ.

ರೂಮುಗಳ ಮೇಲಿನ ಸ್ಲ್ಯಾಬಿಗೆ ಕೆಳಗಿನಿಂದ ಕೊಟ್ಟಿದ್ದ ಸೆಂಟ್ರಿಂಗ್ 16ಕ್ಕೆ ಬಿಚ್ಚಿಯಾಯಿತು. ಹಾಲ್ ಬೀಮಿನ ಆಸರೆ ಮಾತ್ರ ಇನ್ನೂ ಹಾಗೇ ಇದೆ. ಆ ಬೀಮು ಆರು ಮೀಟರಿಗಿಂತ ಉದ್ದ, 21 ದಿನ ತುಂಬದೆ ಮುಟ್ಟುವ ಹಾಗಿಲ್ಲ. ಆ ಸಾಮಾನು ಬೇರೆ ಸೈಟಿಗೆ ಬೇಕು ಅಂತ ಗುತ್ತಿಗೆದಾರರು ಕೇಳಿದರು. 23ರವರೆಗೆ ಆಗುವುದಿಲ್ಲ ಎಂದೆ, ಒಪ್ಪಿದ್ದಾರೆ.

ಒಂದು ತೊಂದರೆಯನ್ನೂ ನೀವು ತಿಳಿದಿರಬೇಕು. ಮೊದಲ ಮಹಡಿಯ ಮೆಟ್ಟಿಲಿನ ಪಕ್ಕದ ಕಾಲಂನ ಬುಡದಲ್ಲಿ, ಮೋಲ್ಡ್ ಬಿಚ್ಚಿದಾಗ, ಅಂಗೈ ಅಗಲದಷ್ಟು ಜಾಗದಲ್ಲಿ ಜಲ್ಲಿ ಮಾತ್ರ ಕಾಣುತ್ತಿತ್ತು. ವೈಬ್ರೇಟರ್ ಅಲ್ಲಿಗೆ ಸರಿಯಾಗಿ ಇಳಿದಿರಲಿಲ್ಲ. ಸುಮ್ನೆ ಗಾರೆ ಮೆತ್ತಿ ಮುಚ್ಚಲು ನಾನು ಬಿಡಲಿಲ್ಲ. ಸ್ಟ್ರಕ್ಚರಲ್ ಇಂಜಿನಿಯರ್ ನೋಡಿದರು. ಟೊಳ್ಳು ಒಳಗಿನ ಕಂಬಿಯವರೆಗೆ ಹೋಗಿಲ್ಲ, ಮೇಲಿನ ಪದರದಲ್ಲೇ ಇದೆ ಎಂದು ಖಚಿತ ಮಾಡಿದರು. ಸಡಿಲ ಇದ್ದದ್ದನ್ನೆಲ್ಲ ಕೆತ್ತಿ ತೆಗೆದು, ತೊಳೆದು, ಬಾಂಡಿಂಗ್ ಕೋಟ್ ಹಚ್ಚಿ, ಕುಗ್ಗದ ಗ್ರೌಟ್ ತುಂಬಿಸಿದೆವು. 12 ಕೆತ್ತುವ ಮೊದಲಿನ ಫೋಟೋ, 13 ಕೆತ್ತಿದ ಮೇಲಿನದು, 14 ತುಂಬಿದ ಮೇಲಿನದು. ಇಂಜಿನಿಯರ್ ಬರೆದುಕೊಟ್ಟ ಟಿಪ್ಪಣಿಯೂ ಫೋಲ್ಡರಿನಲ್ಲಿದೆ. ಈ ದುರಸ್ತಿಗೆ ನೀವು ಏನೂ ಕೊಡಬೇಕಾಗಿಲ್ಲ, ಅದು ಗುತ್ತಿಗೆದಾರರ ಖರ್ಚು.

ಇನ್ನು ಹಣದ ಲೆಕ್ಕ. ಒಟ್ಟು ಗುತ್ತಿಗೆ 62 ಲಕ್ಷ, ಜಿಎಸ್‌ಟಿ ಸೇರಿ. ಪಾಯ, ಪ್ಲಿಂತ್, ನೆಲಮಹಡಿಯ ಸ್ಲ್ಯಾಬ್ ಸೇರಿ ಶೇ 40ರಷ್ಟು ಕೆಲಸಕ್ಕೆ, ಭದ್ರತೆಯ ಶೇ 5 ಹಿಡಿದುಕೊಂಡು, ನೀವು ಈವರೆಗೆ 23,56,000 ಕೊಟ್ಟಿದ್ದೀರಿ. ಈಗಿನದು ಹೀಗಿದೆ:

ಮೊದಲ ಮಹಡಿಯ ಸ್ಲ್ಯಾಬ್ ಹಂತ, ಶೇ 12: 7,44,000
ಭದ್ರತೆಗೆ ಹಿಡಿಯುವುದು, ಶೇ 5: ಕಳೆಯಬೇಕು 37,200
ಬಾಲ್ಕನಿ ಅಗಲಿಸಿದ ಹೆಚ್ಚುವರಿ ಕೆಲಸ, ನೀವು ಸೆಪ್ಟೆಂಬರಿನಲ್ಲಿ ಒಪ್ಪಿದ್ದು: 58,000
ಈಗ ಕೊಡಬೇಕಾದ್ದು: 7,64,800

ಗೋಡೆ ಹಂತದ ಬಿಲ್ಲನ್ನೂ ಗುತ್ತಿಗೆದಾರರು ಇದರ ಜೊತೆ ಹಾಕಿದ್ದರು, ಅದು 4,96,000. ಅದನ್ನು ನಾನು ಈಗ ಶಿಫಾರಸು ಮಾಡುತ್ತಿಲ್ಲ. ನೆಲಮಹಡಿಯ ಗೋಡೆ ಪೂರ್ತಿ ಆಗಿದೆ ನಿಜ. ಮೊದಲ ಮಹಡಿಯ ಒಳಗೋಡೆ ಎರಡು ಬಾಕಿ, ಪ್ಯಾರಪೆಟ್ ಶುರುವೇ ಆಗಿಲ್ಲ. ಒಪ್ಪಂದದಲ್ಲಿ ಗೋಡೆ ಹಂತ ಅಂದರೆ ಪ್ಯಾರಪೆಟ್ ಸೇರಿ. ಕೂಲಿಯವರಿಗೆ ಹಣ ಬೇಕು ಅನ್ನುವುದು ಅವರ ಮಾತು, ಅದರಲ್ಲಿ ಸುಳ್ಳಿಲ್ಲ. ಅದಕ್ಕೇ ಸ್ಲ್ಯಾಬ್ ಹಂತದ ಹಣ ತಡವಾಗದಿದ್ದರೆ ಸಾಕು ಅಂತ ಅವರ ಜೊತೆ ಮಾತಾಡಿದ್ದೇನೆ. ನೀವು ದೂರದಲ್ಲಿ ಇರುವಾಗ ಕೆಲಸಕ್ಕಿಂತ ಹಣ ಮುಂದೆ ಹೋಗಬಾರದು. ಅದನ್ನು ನೋಡಿಕೊಳ್ಳಲಿಕ್ಕೇ ಅಲ್ವಾ ನೀವು ನನ್ನನ್ನು ಇಟ್ಟುಕೊಂಡಿರುವುದು.

ಹಣ ಹಾಕುವ ಖಾತೆ ಒಪ್ಪಂದದಲ್ಲಿ ಇರುವುದೇ, ಬದಲಾಗಿಲ್ಲ. ಖಾತೆ ಬದಲಾಗಿದೆ ಎಂದು ನನ್ನ ಹೆಸರಿನಲ್ಲೋ ಗುತ್ತಿಗೆದಾರರ ಹೆಸರಿನಲ್ಲೋ ಮೇಲ್ ಬಂದರೆ ದಯವಿಟ್ಟು ನಂಬಬೇಡಿ. ನನಗೆ ಫೋನ್ ಮಾಡಿ, ನನ್ನ ದನಿ ಕೇಳಿದ ಮೇಲೇ ಮುಂದುವರಿಯಿರಿ.

ಈಗ ನಿಮ್ಮ ತೀರ್ಮಾನಗಳು. ನೆಲಮಹಡಿಯಲ್ಲಿ ಗೋಡೆ ಕೊರೆದು ವೈರಿಂಗ್ ಪೈಪು, ನೀರಿನ ಪೈಪು ಕೂರಿಸುತ್ತಿದ್ದಾರೆ. ಪ್ಲಾಸ್ಟರಿಂಗ್ 28ಕ್ಕೆ ಶುರು. ಆಮೇಲೆ ಬದಲಾಯಿಸಬೇಕಾದರೆ ಒಡೆಯಬೇಕು.

ಒಂದು, ಅಮ್ಮನವರ ಬಾತ್‌ರೂಮು. ಹೋದ ವಾರ ಅವರು ಸೈಟಿಗೆ ಬಂದಿದ್ದರು, ನಿಧಾನವಾಗಿ ಎಲ್ಲ ಕೋಣೆಯನ್ನೂ ನೋಡಿದರು. ಕಮೋಡಿನ ಪಕ್ಕ ಮತ್ತು ಸ್ನಾನದ ಜಾಗದಲ್ಲಿ ಹಿಡಿದುಕೊಳ್ಳಲು ಸ್ಟೀಲ್ ಹಿಡಿಕೆ ಇದ್ದರೆ ಚೆನ್ನಾಗಿತ್ತು ಎಂದರು. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಹಿಡಿಕೆ ಬರುವ ಕಡೆ ಗೋಡೆ ಟೊಳ್ಳು ಬ್ಲಾಕ್ ಆಗಿರಬಾರದು, ಮೈಭಾರ ತಡೆಯಬೇಕು. ಅಲ್ಲಿ ಮಾತ್ರ ಬ್ಲಾಕ್ ತೆಗೆದು ಕಾಂಕ್ರೀಟ್ ತುಂಬಿಸಬೇಕು, ಹಾಗೇ ಬಾಗಿಲಿನ ಹತ್ತಿರದ ಮೆಟ್ಟಿಲನ್ನು ತೆಗೆದು ಸಣ್ಣ ಇಳಿಜಾರು ಕೊಡಬಹುದು. ಎರಡೂ ಸೇರಿ ಸುಮಾರು 9,000 ಆಗುತ್ತದೆ. ಇದೊಂದಕ್ಕೆ ದಯವಿಟ್ಟು ಹೂಂ ಅನ್ನಿ.

ಎರಡು, ಅಡುಗೆಮನೆಯ ಚಿಮಣಿಯ ಹೊಗೆ ಪೈಪು ಪೂರ್ವದ ಗೋಡೆಯಿಂದ ಹೊರಹೋಗಬೇಕೇ, ಇಲ್ಲ ಉತ್ತರದ ಗೋಡೆಯಿಂದ ಹೋಗಬೇಕೇ. ಪೂರ್ವಕ್ಕೆ ಕೊಟ್ಟರೆ ಪೈಪು ಗಿಡ್ಡ, ತಿರುವು ಕಡಿಮೆ, ಹೊಗೆ ಚೆನ್ನಾಗಿ ಎಳೆಯುತ್ತದೆ. ಮೂರು, ಮೇಲಿನ ಎರಡು ರೂಮಿಗೆ ಎಸಿ ಪಾಯಿಂಟು ಈಗಲೇ ಬೇಕೇ. ಎಸಿ ಆಮೇಲೆ ಹಾಕಿಸಿದರೂ ಪೈಪು ಮತ್ತು ನೀರು ಹೋಗುವ ದಾರಿ ಈಗ ಬಿಟ್ಟರೆ ಖರ್ಚು ಅಷ್ಟೇನೂ ಇಲ್ಲ.

ಒಟ್ಟು 34 ಫೋಟೋ ಇವೆ, ನಮ್ಮ ಎಂದಿನ ಫೋಲ್ಡರಿನಲ್ಲಿ ಇಂದಿನ ದಿನಾಂಕದ ಹೆಸರಿನಡಿ. 20ರಿಂದ 34ರವರೆಗಿನವನ್ನು ದಯವಿಟ್ಟು ಬೇರೆ ಕಡೆಯೂ ಉಳಿಸಿಕೊಳ್ಳಿ. ಗೋಡೆಯೊಳಗೆ ಯಾವ ಪೈಪು ಎಲ್ಲಿ ಹೋಗಿದೆ ಎಂದು, ನೆಲದಿಂದ ಮತ್ತು ಮೂಲೆಯಿಂದ ಟೇಪ್ ಹಿಡಿದು ತೆಗೆದಿದ್ದೇನೆ. ಮುಂದೆ ಗೋಡೆಗೆ ಮೊಳೆ ಹೊಡೆಯುವಾಗ, ಡ್ರಿಲ್ ಮಾಡುವಾಗ ಇವೇ ಬೇಕಾಗುವುದು. ಪೈಪುಗಳಿಗೆ ನೀರು ತುಂಬಿ ಒತ್ತಡ ಕೊಟ್ಟು ರಾತ್ರಿಯಿಡೀ ಬಿಡುವ ಪರೀಕ್ಷೆ 26ಕ್ಕೆ. ಗೇಜಿನ ಫೋಟೋ ಸಂಜೆ ಒಂದು, ಬೆಳಿಗ್ಗೆ ಒಂದು ಕಳಿಸುತ್ತೇನೆ. ಮುಳ್ಳು ಇಳಿದಿದ್ದರೆ ಪ್ಲಾಸ್ಟರಿಂಗ್ ಮುಂದಕ್ಕೆ ಹೋಗುತ್ತದೆ.

ಒಟ್ಟಾರೆ ಕೆಲಸ ಹತ್ತು ದಿನ ಹಿಂದಿದೆ, ಮಳೆಯಿಂದ. ಪ್ಲಾಸ್ಟರಿಂಗಿಗೆ ಎರಡು ತಂಡ ಹಾಕಿಸಿ ಅರ್ಧದಷ್ಟು ಸರಿದೂಗಿಸಬಹುದು. ಪೂರ್ತಿ ಸರಿದೂಗಿಸುತ್ತೇವೆ ಎಂದು ಮಾತು ಕೊಡಲಾರೆ, ಕ್ಯೂರಿಂಗ್ ದಿನಗಳನ್ನು ಕತ್ತರಿಸುವುದು ನನಗೆ ಇಷ್ಟವಿಲ್ಲ.

ಭಾನುವಾರ ನಮ್ಮ ಸಂಜೆ ನಾಲ್ಕಕ್ಕೆ ಸೈಟಿನಿಂದಲೇ ವಿಡಿಯೋ ಕಾಲ್ ಮಾಡುತ್ತೇನೆ, ಆಗ ನಿಮ್ಮಲ್ಲಿ ಬೆಳಿಗ್ಗೆ ಆಗಿರುತ್ತದೆ. ಬೆಳಕು ಇರುವಾಗ ಕಾಲಂ ಮತ್ತು ಅಮ್ಮನವರ ಬಾತ್‌ರೂಮು ಎರಡನ್ನೂ ತೋರಿಸುತ್ತೇನೆ. ಆ ಸಮಯ ಆಗದಿದ್ದರೆ ಶನಿವಾರದೊಳಗೆ ಒಂದು ಸಾಲು ಬರೆಯಿರಿ.

ವಂದನೆಗಳು,
ಮಹೇಶ್
ಸೈಟ್ ಇಂಜಿನಿಯರ್