ವಿಷಯ: ಹೈಸ್ಕೂಲ್ ಲೈಬ್ರರಿ ಮೀಟಿಂಗ್ – ನಾಲ್ಕು ಸಮಯ ಬರೆದಿದ್ದೇನೆ, ಒಂದರ ನಂಬರ್ ತಿಳಿಸಿ

ನಮಸ್ಕಾರ ಮೇಡಂ,

ನೀವು ಓಡಾಟದಲ್ಲಿದ್ದೀರಿ ಅಂತ ಗೊತ್ತು. ಹಾಗಾಗಿ ಮೊದಲು ಬೇಕಾದ್ದನ್ನೇ ಬರೆಯುತ್ತೇನೆ. ಲೈಬ್ರರಿ ಕಟ್ಟಡದ ಬಗ್ಗೆ ನಿಮ್ಮ 45 ನಿಮಿಷ ಬೇಕು. ನೀವು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಪ್ಲಾನ್ ಬರೆದ ವಿನಯ್ ಮ್ಯೂನಿಕ್‌ನಲ್ಲಿ, ನಾನು ಮತ್ತು ಹೆಡ್‌ಮಾಸ್ಟರ್ ಇಲ್ಲಿ ಶಿರಸಿಯಲ್ಲಿ. ಮೂರೂ ಕಡೆಯ ಗಡಿಯಾರ ನೋಡಿ ಈ ಸಮಯಗಳನ್ನು ಹೊಂದಿಸಿದ್ದೇನೆ. ನಿಮ್ಮ ಸಮಯ ಮೊದಲು ಇದೆ.

1. ಮಂಗಳವಾರ, ಅಕ್ಟೋಬರ್ 27
ನಿಮಗೆ ಬೆಳಿಗ್ಗೆ 7:30 | ವಿನಯ್‌ಗೆ ಮಧ್ಯಾಹ್ನ 3:30 | ನಮಗೆ ರಾತ್ರಿ 8:00

2. ಗುರುವಾರ, ಅಕ್ಟೋಬರ್ 29
ನಿಮಗೆ ಬೆಳಿಗ್ಗೆ 7:00 | ವಿನಯ್‌ಗೆ ಮಧ್ಯಾಹ್ನ 3:00 | ನಮಗೆ ಸಂಜೆ 7:30

3. ಶನಿವಾರ, ಅಕ್ಟೋಬರ್ 31
ನಿಮಗೆ ಬೆಳಿಗ್ಗೆ 8:30 | ವಿನಯ್‌ಗೆ ಸಂಜೆ 4:30 | ನಮಗೆ ರಾತ್ರಿ 9:00

4. ನಿಮಗೆ ಬುಧವಾರ, ಅಕ್ಟೋಬರ್ 28, ರಾತ್ರಿ 8:30 | ನಮಗೆ ಗುರುವಾರ, ಅಕ್ಟೋಬರ್ 29, ಬೆಳಿಗ್ಗೆ 9:00

ನನ್ನ ಕೇಳಿದರೆ ಮೊದಲನೆಯದೇ ಒಳ್ಳೆಯದು. 8:15ಕ್ಕೆ ಮುಗಿಯುತ್ತದೆ, 9 ಗಂಟೆಗೆ ಶುರುವಾಗುವ ನಿಮ್ಮ ಆಫೀಸ್ ಕೆಲಸಕ್ಕೆ ಅಡ್ಡ ಬರುವುದಿಲ್ಲ. ಶನಿವಾರ ನಿಮ್ಮ ಮನೆಯವರ ದಿನ, ಬೇರೆ ಯಾವುದೂ ಆಗದಿದ್ದರೆ ಮಾತ್ರ ಅದನ್ನು ನೋಡಿ. ನಾಲ್ಕನೆಯದರಲ್ಲಿ ಎರಡು ತಾರೀಖು ಇದೆ, ದಯವಿಟ್ಟು ಗಮನಿಸಿ. ಆ ಹೊತ್ತಿಗೆ ಮ್ಯೂನಿಕ್‌ನಲ್ಲಿ ನಸುಕಿನ 4:30. ವಿನಯ್ ಏಳುತ್ತೇನೆ ಅಂದ, ನಾನೇ ಬೇಡ ಅಂದೆ. ಅದನ್ನೇ ಆರಿಸಿದರೆ ಅವನು ಹೇಳಬೇಕಾದ್ದನ್ನು ಹಿಂದಿನ ದಿನವೇ ರೆಕಾರ್ಡ್ ಮಾಡಿ ಕಳಿಸುತ್ತಾನೆ.

ಮಾರ್ಚ್‌ನಲ್ಲಿ ಆದ ಎಡವಟ್ಟು ಮರೆತಿಲ್ಲ. ನಿಮ್ಮಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗಿತ್ತು. ನಾನು ಹಳೇ ಲೆಕ್ಕದಲ್ಲೇ ಬೆಳಿಗ್ಗೆ 7 ಅಂತ ಬರೆದೆ. ನಾವು ಇಲ್ಲಿ ರಾತ್ರಿ 8:30ಕ್ಕೆ ಕೂತಾಗ ನಿಮ್ಮಲ್ಲಿ 8 ಆಗಿತ್ತು. ಒಂದು ಗಂಟೆ ಕಾದರೂ ನೀವು ಏನೂ ಅನ್ನಲಿಲ್ಲ, ಅದಕ್ಕೇ ನನಗೆ ಇನ್ನೂ ಜಾಸ್ತಿ ಬೇಜಾರಾಯಿತು. ಈ ಸಲವೂ ಅಂಥದ್ದೇ ವಾರ. ಯುರೋಪಿನಲ್ಲಿ ಅಕ್ಟೋಬರ್ 25ಕ್ಕೇ ಗಡಿಯಾರ ಹಿಂದೆ ಹೋಗುತ್ತದೆ, ನಿಮ್ಮಲ್ಲಿ ನವೆಂಬರ್ 1ಕ್ಕೆ. ಹಾಗಾಗಿ ಈ ಒಂದು ವಾರ ನಿಮಗೂ ವಿನಯ್‌ಗೂ 9 ಗಂಟೆಯ ಬದಲು 8 ಗಂಟೆಯಷ್ಟೇ ಅಂತರ. ನಮಗೂ ನಿಮಗೂ ಈಗಿನಂತೆಯೇ ಹನ್ನೆರಡೂವರೆ ಗಂಟೆ. ಮೇಲಿನ ಸಮಯಗಳಲ್ಲಿ ಇದೆಲ್ಲ ಸೇರಿದೆ, ನೀವು ಮತ್ತೆ ಲೆಕ್ಕ ಹಾಕಬೇಕಿಲ್ಲ.

ನವೆಂಬರ್‌ಗೆ ತಳ್ಳದಿರುವುದಕ್ಕೂ ಕಾರಣ ಇದೆ. ಒಂದನೇ ತಾರೀಖು ಕಳೆದರೆ ನಮ್ಮ ರಾತ್ರಿ 8 ಗಂಟೆ ನಿಮಗೆ ಬೆಳಿಗ್ಗೆ 6:30 ಆಗುತ್ತದೆ. 8ರಿಂದ ಇಲ್ಲಿ ದೀಪಾವಳಿ, ಯಾರೂ ಕೈಗೆ ಸಿಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ನಮ್ಮ ಕಡೆಯ ಮಳೆ ನಿಮಗೇ ಗೊತ್ತಲ್ವಾ? ನವೆಂಬರ್‌ನಲ್ಲಿ ಪಾಯ ತೆಗೆದರೆ ಮೇ ಒಳಗೆ ಮಾಡು ಮುಚ್ಚಬಹುದು. ಒಂದು ತಿಂಗಳು ತಡವಾದರೂ ಜೂನ್‌ಗೆ ಗೋಡೆ ಬೋಳಾಗಿ ನಿಂತು ನೆನೆಯುತ್ತದೆ.

ಅವತ್ತು ತೀರ್ಮಾನ ಆಗಬೇಕಾದ್ದು ಎರಡೇ. ಮಾಡಿಗೆ ಹೆಂಚೋ, ಆರ್‌ಸಿಸಿಯೋ? ವಿನಯ್‌ಗೆ ಹೆಂಚೇ ಇಷ್ಟ. ಮಂಗ ಹತ್ತಿ ಹೆಂಚು ಸರಿಸಿದರೆ ಪುಸ್ತಕದ ಗತಿ ಏನು ಅನ್ನುವುದು ಹೆಡ್‌ಮಾಸ್ಟರ ಚಿಂತೆ. ಇನ್ನೊಂದು, ಹಳೇ ವಿದ್ಯಾರ್ಥಿಗಳ ಹಣವನ್ನು ಒಂದೇ ಸಲ ಕಂಟ್ರಾಕ್ಟರ್‌ಗೆ ಕೊಡುವುದೋ, ಮೂರು ಕಂತು ಮಾಡುವುದೋ. ಪ್ಲಾನನ್ನೂ ಖರ್ಚಿನ ಪಟ್ಟಿಯನ್ನೂ ಇದರ ಜೊತೆ ಹಾಕಿದ್ದೇನೆ. ಪುರುಸೊತ್ತಿಲ್ಲದಿದ್ದರೆ ಪಟ್ಟಿಯ ಎರಡನೇ ಪುಟ ಮಾತ್ರ ನೋಡಿ ಬನ್ನಿ, ಸಾಕು.

ಉತ್ತರಕ್ಕೆ ಸುಮ್ನೆ "1" ಅಂತ ಬರೆದರೂ ನಡೆಯುತ್ತದೆ. ಎರಡು ಸಮಯ ಆಗುವಂತಿದ್ದರೆ "1, 2" ಅನ್ನಿ. ಶುಕ್ರವಾರ, ಅಕ್ಟೋಬರ್ 23ರ ನಿಮ್ಮ ಸಂಜೆಯವರೆಗೆ ನಾಲ್ಕನ್ನೂ ಖಾಲಿ ಇಟ್ಟಿರುತ್ತೇವೆ. ನಿಮ್ಮ ಉತ್ತರ ಬಂದ ಕೂಡಲೇ ಕ್ಯಾಲೆಂಡರ್ ಇನ್ವೈಟ್ ಕಳಿಸುತ್ತೇನೆ. ಅದರಲ್ಲಿ ನಿಮ್ಮ ಊರಿನ ಸಮಯವೇ ಕಾಣುತ್ತದೆ. ನಿಮ್ಮ ಸೆಕ್ರೆಟರಿಗೆ ಕನ್ನಡ ಬರುವುದಿಲ್ಲ ಅಂದಿದ್ದಿರಿ, ಅವರಿಗೆ ಇದೇ ನಾಲ್ಕು ಸಮಯಗಳನ್ನು ಇಂಗ್ಲಿಷ್‌ನಲ್ಲಿ ಬೇರೆಯಾಗಿ ಕಳಿಸಿದ್ದೇನೆ.

ನಾಲ್ಕೂ ಆಗದಿದ್ದರೆ ಆ ವಾರದಲ್ಲಿ ನಿಮಗೆ ಬಿಡುವಿರುವ ಯಾವುದಾದರೂ ಅರ್ಧ ಗಂಟೆ ಹೇಳಿ, ನಾವೇ ಹೊಂದಿಕೊಳ್ಳುತ್ತೇವೆ. ಹೆಡ್‌ಮಾಸ್ಟರ ಮನೆಯಲ್ಲಿ ನೆಟ್‌ವರ್ಕ್ ಸರಿ ಇಲ್ಲ, ಅವರು ನಮ್ಮ ಮನೆಗೇ ಬರುತ್ತಾರೆ. ಕರೆಂಟ್ ಹೋದರೂ ಯುಪಿಎಸ್ ಇದೆ.

ಇಂತಿ,
ಶ್ರೀಪಾದ
ಶಿರಸಿ